ಮುರಿಗೆಪ್ಪನವರ ಮಾದರಿ ಪುಟ

೨೦೦೬ರ ಒಂದು ಶನಿವಾರ ಮುರಿಗೆಪ್ಪನವರು ದಂಡಯಾತ್ರೆಗೆ ಹೊರಟರು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ರಟ್ಟಿನ ಫೈಲು. ಸಾರಥ್ಯಕ್ಕೆ ಮಗಳು ಸೌಂದರ್ಯಾ. ರಣರಂಗವು ಮದ್ರಾಸಿನ ವಡಪಳನಿಯ ಆರ್ಕಾಟ್ ರಸ್ತೆಯಲ್ಲಿ, ಬಿರಿಯಾನಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಬ್ರೌಸಿಂಗ್ ಸೆಂಟರು. ಅಲ್ಲಿ ಆಗಲೇ ಬೀಡುಬಿಟ್ಟಿದ್ದ ಯೋಧರೆಲ್ಲ ಸಿನಿಮಾದಲ್ಲಿ ಚಾನ್ಸ್ ಹುಡುಕುವವರು. ನಗುವ ಫೋಟೋ, ಅಳುವ ಫೋಟೋ, ಕತ್ತಿ ಹಿಡಿದ ಫೋಟೋಗಳನ್ನು ಕಂಡಕಂಡ ಕಂಪನಿಗಳಿಗೆ ಕಳಿಸುತ್ತ ಕೂತಿದ್ದರು. ಅವರ ನಡುವೆ ಬೋಳುತಲೆಯ ನಮ್ಮ ವೀರರು ಕುರ್ಚಿ ಎಳೆದುಕೊಂಡರು.

ರಾಣೆಬೆನ್ನೂರಿನ ಕಡೆಯ ಈ ಮನುಷ್ಯ ಇಡೀ ಯೌವನವನ್ನು ಮದ್ರಾಸಿನ ಒಂದು ವಿಮಾ ಕಂಪನಿಯಲ್ಲಿ ಸವೆಸಿದ್ದರು. ಕರ್ನಾಟಕದಿಂದ ಬರುವ ಕ್ಲೇಮುಗಳ ಕನ್ನಡ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುವುದು ಅವರ ಕೆಲಸ. ಕನ್ನಡ ನಾಡಿನಲ್ಲಿ ಸತ್ತವರು ಮುರಿಗೆಪ್ಪನವರ ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಸಾಯದ ಹೊರತು ಮನೆಯವರಿಗೆ ಚೆಕ್ ಹೊರಡುತ್ತಿರಲಿಲ್ಲ. ಯಮನ ದಫ್ತರಿನಲ್ಲಿ ಚಿತ್ರಗುಪ್ತನಿಗೂ ಇಷ್ಟು ಅಧಿಕಾರ ಇತ್ತೋ ಇಲ್ಲವೋ. ಒಂದು ದಿನ ಆ ಫೈಲುಗಳೆಲ್ಲ ಬೆಂಗಳೂರಿಗೆ ಹೋದವು, ಮೇಜು ಗೋಡೌನಿಗೆ ಹೋಯಿತು, ಇವರು ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದರು. ಅಂದಿನಿಂದ ಅವರ ಇಂಗ್ಲಿಷು ಯಾರಿಗೂ ಬೇಕಾಗಿರಲಿಲ್ಲ. ಮುಂಜಾನೆ ಸ್ನಾನ ಮಾಡಿ, ಅಂಗಿ ತೊಟ್ಟು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತುಬಿಡುವರು. ಮಾತು ಕಡಿಮೆಯಾಗುತ್ತ ಬಂದು, ಹೆಂಡತಿ ಸರ್ವಮಂಗಳಾ ಒಳಗೊಳಗೇ ಹೆದರಿದ್ದರು.

ಆಗಲೇ ಸೌಂದರ್ಯಾಳ ಕಣ್ಣಿಗೆ ಆ ಜಾಲತಾಣ ಬಿದ್ದದ್ದು. ಕೆಲಸ ಇದ್ದವರು ಅಲ್ಲಿ ಜಾಹೀರಾತು ಹಾಕುತ್ತಾರೆ, ಕೆಲಸ ಬೇಕಾದವರು ಪ್ರಸ್ತಾವ ಕಳಿಸುತ್ತಾರೆ. ಇಂಗ್ಲೆಂಡಿನ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಗೆ ಕನ್ನಡ ರೋಗಿಗಳ ಸಂದರ್ಶನಗಳನ್ನು ಇಂಗ್ಲಿಷಿಗೆ ಮಾಡುವವರು ಬೇಕಾಗಿತ್ತು. ಕೆಲಸ ವರ್ಷಗಟ್ಟಲೆ ನಡೆಯುವಂಥದ್ದು. ಮೂಲ ಮತ್ತು ಅನುವಾದ ಎರಡೂ ಇರುವ ಒಂದು ಮಾದರಿ, ದಿನಕ್ಕೆ ಎಷ್ಟು ಮಾಡಿ ಕೊಡಬಲ್ಲಿರಿ ಎಂಬ ಲೆಕ್ಕ, ಇವಿಷ್ಟನ್ನು ಕೇಳಿದ್ದರು.

ಮುರಿಗೆಪ್ಪನವರು ಪ್ರಸ್ತಾವವನ್ನು ಮನೆಯಲ್ಲೇ ರಚಿಸಿ ತಂದಿದ್ದರು. ಅದು ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಧಾಟಿಯ ಇಂಗ್ಲಿಷಿನಲ್ಲಿ ಶುರುವಾಗಿ ಮೂರು ಪುಟ ಹರಿದಿತ್ತು. ಸೌಂದರ್ಯಾ ಅದನ್ನು ಹತ್ತು ಸಾಲಿಗೆ ಕೊಯ್ದಳು. ಗಡುವಿನ ವಿಷಯದಲ್ಲಿ ಘೋರ ಕದನವಾಯಿತು. ಬೇರೆಯವರೆಲ್ಲ ರಾತ್ರಿ ಬೆಳಗಾಗುವುದರೊಳಗೆ ಎಷ್ಟಾದರೂ ಮಾಡಿ ಕೊಡುತ್ತೇವೆಂದು ಬರೆದಿದ್ದಾರೆಂದು ಮಗಳು ತೋರಿಸಿದಳು. ತಾನೇನು ಇಡ್ಲಿ ಬೇಯಿಸುತ್ತಿಲ್ಲ ಎಂದರು ತಂದೆ. ಕೊನೆಗೆ ದಿನಕ್ಕೆ ಎರಡು ಸಾವಿರ ಪದ, ಮರುದಿನ ಒಂದು ಮರುಓದು, ಆಮೇಲೆಯೇ ರವಾನೆ ಎಂದು ಒಪ್ಪಂದವಾಯಿತು.

ಇನ್ನು ಬ್ರಹ್ಮಾಸ್ತ್ರ. ಫೈಲಿನಿಂದ ಅವರು ತೆಗೆದದ್ದು ನೀಲವ್ವ ಎಂಬಾಕೆಯ ಹೇಳಿಕೆ, ಕಚೇರಿಯ ದಿನಗಳಲ್ಲಿ ತಮಗಾಗಿ ಉಳಿಸಿಕೊಂಡಿದ್ದ ಕಾರ್ಬನ್ ಪ್ರತಿ. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದ ಅವಳ ಗಂಡ ಅಂದಾನೆಪ್ಪ ಯಂತ್ರಕ್ಕೆ ಸಿಕ್ಕು ಸತ್ತಿದ್ದ. ‘ಮುಂಜಾನೆ ರೊಟ್ಟಿ ತಿಂದು ಹೋದರು. ಸಂಜೆ ರೊಟ್ಟಿ ಬಡಿದು ಇಟ್ಟೆ. ಆ ರೊಟ್ಟಿ ಹಾಗೇ ಐತಿ’ ಎಂದು ಬರೆಸಿದ್ದಳು. ಅದರ ಇಂಗ್ಲಿಷನ್ನು ಓದಿ ಹಿಂದೊಮ್ಮೆ ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಮುರಿಗೆಪ್ಪನವರಿಗೆ ಸಿಕ್ಕ ಪದಕವೆಂದರೆ ಅದೊಂದೇ.

ಸೌಂದರ್ಯಾ ಎರಡು ಸಲ ಓದಿದಳು. ಆಮೇಲೆ ಹೇಳಿದಳು, “ಅಪ್ಪಾ, ಸೂಪರಾ ಇರುಕ್ಕು. ಆದ್ರೆ ಹೆಸರು, ಊರು ಎಲ್ಲಾ ಅಡಿಸಿಬಿಡೋಣ.” ಅವರ ಮನೆಯ ಮದ್ರಾಸ್ ಕನ್ನಡದಲ್ಲಿ ಅಡಿಸುವುದೆಂದರೆ ಹೊಡೆದುಹಾಕುವುದು.

“ಹೆಸರು ಅಡಿಸಿದ್ರ ಅದು ಕಾಗದಾನ ಅಲ್ಲವ್ವಾ,” ಎಂದರು ಮುರಿಗೆಪ್ಪ. “ಒಂದು ಅಕ್ಷರ ಆಚೀಚಿ ಆದ್ರ ಕ್ಲೇಮು ವಾಪಸ್ ಬರ್ತಿತ್ತು.”

ಕಚೇರಿ ಕಲಿಸಿದ ಧರ್ಮ ಅದು. ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು ಬಿಡದೆ ಇಳಿಸುವುದೇ ಅನುವಾದದ ಮೊದಲ ನಿಯಮ. ಹಾಗೆ ನೀಲವ್ವ, ಅಂದಾನೆಪ್ಪ, ಅವರ ಊರು, ಅವರ ರೊಟ್ಟಿ ಎಲ್ಲವೂ ಸ್ಕ್ಯಾನಾಗಿ ಸಮುದ್ರ ದಾಟಿದವು. ಅದೇ ಪುಟವನ್ನು ಜಾಲತಾಣದಲ್ಲಿ ತಮ್ಮ ಹೆಸರಿನ ಕೆಳಗೂ ಎಲ್ಲರಿಗೂ ಕಾಣುವಂತೆ ಹಾಕಿಸಿದರು.

ಉತ್ತರಕ್ಕೆ ಕಾಯುವ ದಿನಗಳಲ್ಲಿ ಮುರಿಗೆಪ್ಪನವರು ಬದಲಾದರು. ಹಳೆಯ ನಿಘಂಟಿಗೆ ಹೊಸ ರಟ್ಟು ಹಾಕಿಸಿದರು. ಊಟಕ್ಕೆ ಕೂತಾಗ ರೋಗಗಳ ಇಂಗ್ಲಿಷ್ ಹೆಸರು ಹೇಳತೊಡಗಿದರು. ಸರ್ವಮಂಗಳಾ ಆ ಭಯಂಕರ ಹೆಸರುಗಳನ್ನು ಸಂತೋಷದಿಂದ ಕೇಳುತ್ತ ಇನ್ನೊಂದು ರೊಟ್ಟಿ ಬಡಿಸಿದರು.

ಉತ್ತರ ಬಂತು. ಸೌಂದರ್ಯಾ ಅದನ್ನು ತಂದೆಗೆ ಓದಿ ಹೇಳಿದಳು. ಬಂದ ಮಾದರಿಗಳಲ್ಲೆಲ್ಲ ಇದೇ ಉತ್ತಮ, ಗಡುವೂ ನಂಬುವಂತಿದೆ ಎಂದು ಅಲ್ಲಿನ ಮೇಲ್ವಿಚಾರಕಿ ಬರೆದಿದ್ದಳು. ಆದರೆ ತಮ್ಮ ರೋಗಿಗಳು ಹೆಸರು ಹೊರಬೀಳುವುದಿಲ್ಲವೆಂಬ ಮಾತಿನ ಮೇಲೆ ಬಾಯಿ ಬಿಟ್ಟವರು. ಈ ಹೆಣ್ಣುಮಗಳ ಕಾಗದವನ್ನು ನಮಗೆ ತೋರಿಸಿದವರು ನಾಳೆ ನಮ್ಮ ಕಾಗದವನ್ನು ಇನ್ಯಾರಿಗೋ ತೋರಿಸಲಾರರೆಂದು ಹೇಗೆ ನಂಬುವುದು? ಕ್ಷಮಿಸಿ. ಆ ಪುಟವನ್ನು ದಯವಿಟ್ಟು ತೆಗೆದುಹಾಕಿ.

ಮುರಿಗೆಪ್ಪನವರು ವಾದಿಸಲಿಲ್ಲ. ಸೌಂದರ್ಯಾ ಪುಟವನ್ನು ಅಳಿಸುವುದನ್ನು ಕೈಕಟ್ಟಿಕೊಂಡು ನೋಡಿದರು. ಪಕ್ಕದಲ್ಲಿ ಕತ್ತಿ ಹಿಡಿದ ಫೋಟೋದವನು ಇನ್ನೂ ಫೋಟೋ ಕಳಿಸುತ್ತಲೇ ಇದ್ದ.

ಮನೆಯಲ್ಲಿ ಸರ್ವಮಂಗಳಾ ಆ ಕಾಗದದಲ್ಲಿ ಅಂಥದ್ದೇನಿತ್ತು ಎಂದು ಕೇಳಿದರು. ಮುರಿಗೆಪ್ಪ ಕನ್ನಡದಲ್ಲೇ ಓದಿದರು. ರೊಟ್ಟಿಯ ಸಾಲು ಬಂದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಆಕಿ ಕಂಪನಿಗೆ ಬರಸಿದ್ಲಲ್ರೀ,” ಎಂದರು ಆಮೇಲೆ. “ಸಂತ್ಯಾಗ ಹಚ್ಚಾಕ ಅಲ್ಲ.”

ಬೇರೊಂದು ಮಾದರಿಗಾಗಿ ಮುರಿಗೆಪ್ಪ ಟ್ರಂಕು ತೆಗೆದರು. ಕಾರ್ಬನ್ ಪ್ರತಿಗಳ ರಾಶಿಯಲ್ಲಿ ಪ್ರತಿ ಹಾಳೆಯಲ್ಲೂ ಒಬ್ಬ ಸತ್ತವನು, ಅವನ ಊರು, ಅವನಿಗಾಗಿ ಅತ್ತವರು. ಒಂದರಲ್ಲಿ ಹೆಸರುಗಳ ಮೇಲೆ ಮಸಿ ಬಳಿದು ನೋಡಿದರು. ಆಗ ಯಾರೋ ಎಲ್ಲಿಯೋ ಸತ್ತಂತಾಗಿ, ಇಂಗ್ಲಿಷೂ ಸತ್ತುಹೋಯಿತು. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ನಾಲ್ಕು ಜನಕ್ಕೆ ತೋರಿಸಬಹುದಾದ ಒಂದು ಹಾಳೆಯೂ ಇಲ್ಲ. ಮಹಾರಥಿಗಳು ಟ್ರಂಕಿನ ಮುಂದೆ ನೆಲದ ಮೇಲೆ ಕೂತರು, ಕರೆದರೂ ಏಳಲಿಲ್ಲ.

ಸರ್ವಮಂಗಳಾ ಬಂದು ಎದುರಿಗೆ ಕೂತರು. “ನಾ ಹೇಳ್ತೀನಿ, ಬರಕೊಳ್ರಿ. ನನ್ನ ಒಪ್ಪಿಗಿ ಐತಿ. ಸಹಿ ಬೇಕಂದ್ರ ಹಾಕ್ತೀನಿ.”

ಅಭ್ಯಾಸಬಲದಿಂದ ಮುರಿಗೆಪ್ಪ ಪೆನ್ನು ತೆಗೆದು, ಹೇಳಿಕೆ ಕೊಡುವವರ ಹೆಸರು, ಗಂಡನ ಹೆಸರು ಬರೆದುಕೊಂಡರು. ಆಕೆ ನಿಧಾನಕ್ಕೆ ಹೇಳಿದರು.

“ನನ್ನ ಗಂಡ ದಿನಾ ಮುಂಜಾನೆ ರೊಟ್ಟಿ ತಿಂದು ಆಫೀಸಿಗೆ ಹೋಗ್ತಿದ್ರು. ಸಂಜಿಕ ಬಂದು, ಇವತ್ತ ಯಾರು ಸತ್ರು ಅಂತ ಹೇಳ್ತಿದ್ರು. ಈಗ ರೊಟ್ಟಿ ತಿಂದು ಅಂಗಿ ಹಾಕ್ಕೊಂಡು ಕುರ್ಚ್ಯಾಗ ಕುಂದರ್ತಾರ. ಸಂಜಿತನಾ ಕುಂದರ್ತಾರ. ಏನೂ ಹೇಳೂದಿಲ್ಲ.”

ಮುರಿಗೆಪ್ಪ ತಲೆ ಎತ್ತದೆ ಬರೆದರು. ಅದನ್ನು ಇಂಗ್ಲಿಷಿಗೆ ತಿರುಗಿಸಲು ಒಂದು ದಿನ ಹಿಡಿಯಿತು, ಮರುದಿನ ಮರುಓದು. ಗಡುವು ತಪ್ಪಲಿಲ್ಲ.

ಮತ್ತೆ ಮಹಡಿ ಹತ್ತಿದಾಗ ಆ ಜಾಹೀರಾತಿನ ಮೇಲೆ ‘ಮುಕ್ತಾಯ’ ಎಂಬ ಪಟ್ಟಿ ಬಿದ್ದಿತ್ತು. ಕೆಲಸ ಇನ್ಯಾರಿಗೋ ಸಿಕ್ಕಿತ್ತು. ಇರಲಿ, ಜಾಲತಾಣದಲ್ಲಿ ಅಪ್ಪನ ಹೆಸರಿನ ಕೆಳಗೆ ಮಾದರಿಯಾದರೂ ಇರಲಿ ಎಂದು ಸೌಂದರ್ಯಾ ಹೊಸ ಪುಟ ತೆಗೆದುಕೊಂಡಳು. ಇಂಗ್ಲಿಷನ್ನು ಓದುತ್ತ ಓದುತ್ತ ಅವಳ ಕೈ ಮೌಸಿನ ಮೇಲೆ ನಿಂತಿತು.

“ಅಪ್ಪಾ, ಹೆಸರು ಇರ್ಲಾ, ಅಡಿಸ್ಲಾ?” ಎಂದು ಕೇಳಿದಳು.

ಮುರಿಗೆಪ್ಪ ಪರದೆಯ ಮೇಲಿನ ಎರಡೂ ಹೆಸರುಗಳನ್ನು ಓದಿಕೊಂಡರು.

“ಆಕಿದು ಇರಲಿ,” ಎಂದರು. “ಗಂಡಂದು ಅಡಿಸು.”