ಎರಡು, ಎರಡು, ಒಂದು

ಹುತ್ತೂರಿನ ಆದಿಲಕ್ಷ್ಮಿಯ ಲಾ ಓದೋ ಆಸೆ ಬಸ್ಸಲ್ಲೇ ಹೋಯ್ತು. ಕೋಲಾರದಲ್ಲಿ ಲಾ ಕ್ಲಾಸು ಬೆಳಿಗ್ಗೆ ಏಳಕ್ಕೆ, ಹುತ್ತೂರಿಂದ ಮೊದಲ ಬಸ್ಸು ಬರೋದು ಒಂಬತ್ತಕ್ಕೆ. ವರ್ಷಪೂರ್ತಿ ಕಡೇ ಪೀರಿಯಡ್ಡು ಮಾತ್ರ ಕೇಳಿದಳು. ಹಾಜರಿ ಸಾಲದು ಅಂತ ಪರೀಕ್ಷೆಗೆ ಕೂರಿಸಲಿಲ್ಲ. ಆಮೇಲೆ ಕೋರ್ಟ್ ಎದುರಿನ ಕೋದಂಡರಾಮಪ್ಪ ವಕೀಲರ ಆಫೀಸಲ್ಲಿ ಟೈಪಿಸ್ಟ್ ಆಗಿ ಸೇರ್ಕೊಂಡಳು. ಹನ್ನೊಂದು ವರ್ಷ ಆಯ್ತು. ದಿನಾ ‘ಅರ್ಜಿದಾರರ ಪರ ವಕೀಲರು’ ಅಂತ ಹೊಡೀತಾಳೆ, ಕೆಳಗೆ ಸೈನು ಬೇರೆಯವರದು.

ತೊಂಬತ್ತೆಂಟರಲ್ಲಿ ವಕೀಲರ ಅಣ್ಣನ ಮಗಳು ಆಶಾರಾಣಿ, ಬೆಂಗಳೂರಲ್ಲಿ ಲಾ ಓದ್ತಿದ್ದೋಳು, ಒಂದು ದಿಂಡು ಜೆರಾಕ್ಸ್ ತಂದು ಟೇಬಲ್ ಮೇಲೆ ಧೊಪ್ಪಂತ ಹಾಕಿದಳು. ಬೊಮ್ಮಾಯಿ ಕೇಸಿನ ತೀರ್ಪು. ರಾಜ್ಯ ಸರ್ಕಾರನ ವಜಾ ಮಾಡಿದ್ರೆ ಕೋರ್ಟು ಅದನ್ನ ಎಷ್ಟರ ಮಟ್ಟಿಗೆ ನೋಡಬಹುದು ಅನ್ನೋದು ವಿಷಯ. ಒಂಬತ್ತು ಜಡ್ಜಿಗಳು, ಮುನ್ನೂರರ ಹತ್ತಿರ ಪುಟ. ಕಾಲೇಜಿನ ಅಣಕು ಕೋರ್ಟಲ್ಲಿ ಸೋಮವಾರ ಅವಳು ವಾದ ಮಾಡಬೇಕು. ಓದೋಕೆ ಟೈಮಿಲ್ಲ, ಅಧ್ಯಾಯ ಅಧ್ಯಾಯವಾಗಿ ಸಾರ ಬರೆದುಕೊಡ್ತೀರಾ ಅಕ್ಕ ಅಂತ ಗೋಗರೆದಳು. ಆದಿಲಕ್ಷ್ಮಿ ಹೂಂ ಅಂದಳು. ನಾನು ಬರೆದಿದ್ದು ಒಂದ್ಸಲ ಕೋರ್ಟಲ್ಲಿ ಎದ್ದು ನಿಲ್ಲಲಿ, ಅಣಕು ಕೋರ್ಟಾದ್ರೂ ಸರಿ ಅಂತ ಒಳಗೇ ಅನ್ಕೊಂಡಳು.

ಊಟದ ಹೊತ್ತಲ್ಲೆಲ್ಲ ಅದೇ ಕೆಲಸ. ಮೊದಲು ಸಂಗತಿ, ಆಮೇಲೆ ಪ್ರಶ್ನೆಗಳು, ಮೂರನೇದು ರಾಜ್ಯಪಾಲರ ವರದಿ, ನಾಲ್ಕನೇದು ಕೋರ್ಟಿನ ಅಧಿಕಾರ, ಐದನೇದು ಸದನದಲ್ಲೇ ಬಹುಮತ ತೋರಿಸೋ ವಿಚಾರ. ತೀರ್ಪಿನ ಮೊದಲಿಗಿರೋ ಸಣ್ಣಕ್ಷರದ ಸಾರಾಂಶನ ಮುಟ್ಟಲಿಲ್ಲ. ಅದು ಪುಸ್ತಕದವರು ಬರೆದಿದ್ದು, ಕೋರ್ಟಿನ ಮಾತಲ್ಲ ಅಂತ ಕಡೇ ಪೀರಿಯಡ್ಡಲ್ಲಿ ಕೇಳಿದ್ದು ನೆನಪಿತ್ತು. ಹೆಚ್ಚು ಜಡ್ಜಿಗಳು ಒಪ್ಪಿದ ಮಾತಿಗೆ ಕೆಂಪು ಪೆನ್ಸಿಲ್ಲು, ಉಳಿದವರದಕ್ಕೆ ನೀಲಿ, ಪಕ್ಕದಲ್ಲಿ ಪುಟದ ನಂಬರು.

ನಾಲ್ಕನೇ ಅಧ್ಯಾಯದಲ್ಲಿ ಕೈ ನಿಂತೋಯ್ತು. ಆರು ಜನ ಆರು ತೀರ್ಪು ಬರೆದಿದ್ರು. ವಜಾ ಮಾಡಿದ ಕಾರಣಗಳನ್ನ ಕೋರ್ಟು ಚೆನ್ನಾಗೇ ಕೆದಕಬಹುದು ಅಂತ ಮೂರು, ಅಷ್ಟೊಂದು ಬೇಡ ಅಂತ ಮೂರು. ಕೆಂಪೂ ಹಾಕ್ಲಿಲ್ಲ, ನೀಲೀನೂ ಹಾಕ್ಲಿಲ್ಲ. ‘ಮೂರು, ಮೂರು, ಸಮ’ ಅಂತ ಬರೆದಿಟ್ಟಳು.

ಶನಿವಾರ ವಕೀಲರು ಅದನ್ನ ನೋಡಿ ಕನ್ನಡಕ ತೆಗೆದರು.

“ಎನ್ನಿ ತಲಲಮ್ಮಾ?”

ಎಷ್ಟು ತಲೆ ಅಂತ ತೆಲುಗಲ್ಲಿ ಕೇಳ್ತಿದ್ದಾರೆ. ಒಂಬತ್ತು ಸಾರ್ ಅಂದಳು.

“ಮತ್ತೆ ಕಾಗದ ಯಾಕೆ ಎಣಿಸ್ತೀಯ, ತಲೆ ಎಣಿಸು” ಅಂದು ಕೋಟು ಹಾಕ್ಕೊಂಡು ಕೋರ್ಟಿಗೆ ಹೊರಟೋದರು.

ಸೋಮವಾರ ಆ ಹುಡುಗಿ ಎದ್ದು ನಿಂತು ‘ಸಮ’ ಅಂದಿದ್ರೆ! ಪ್ರತಿ ತೀರ್ಪಿನ ಶುರುಗೆ ಹೋಗಿ ಯಾರ ಜೊತೆ ಯಾರು ಸೇರಿದ್ದಾರೆ ಅಂತ ನೋಡಿದಳು. ಅಷ್ಟೊಂದು ಬೇಡ ಅಂದೋರಲ್ಲಿ ಒಂದು ತೀರ್ಪು ಇಬ್ಬರದು, ಇನ್ನೆರಡು ಒಬ್ಬೊಬ್ಬರದು. ನಾಲ್ಕಾಯ್ತು. ಕೆದಕಬಹುದು ಅಂದೋರಲ್ಲಿ ಎರಡು ದೊಡ್ಡ ತೀರ್ಪು, ಒಂದೊಂದೂ ಇಬ್ಬಿಬ್ಬರದು. ಅದೂ ನಾಲ್ಕೇ. ಉಳಿದಿದ್ದು ಒಬ್ಬರದೇ ಒಂದು ಪುಟ್ಟದು. ಓದೋವಾಗ ಇದರಲ್ಲೇನಿದೆ ಅಂತ ಸರ್ರಂತ ತಿರುವಿದ್ದಳು. ಕೆದಕಬಹುದು ಅಂದ ಇವರ ಮಾತಿಗೆ ನನ್ನ ಒಪ್ಪಿಗೆ ಇದೆ ಅನ್ನೋದೇ ಅದರಲ್ಲಿ ಮುಖ್ಯ.

ಆ ಒಪ್ಪಿಗೆಯಿಂದ ಐದು.

ಆ ಪುಟ್ಟ ಪುಟಾನ ಮಡಿಲಲ್ಲಿಟ್ಕೊಂಡು ಇನ್ನೊಂದ್ಸಲ ಓದಿದಳು. ಆಮೇಲೆ ಕೆಂಪು ಪೆನ್ಸಿಲ್ಲು ಚೂಪು ಮಾಡಿ ಒಂದೇ ಗೆರೆ ಎಳೆದಳು, ನಿಧಾನಕ್ಕೆ, ಸ್ಕೇಲಿಟ್ಟು. ‘ಸಮ’ ಅನ್ನೋದನ್ನ ಹೊಡೆದು ‘ಐದು, ನಾಲ್ಕು’ ಅಂತ ಬರೆದು, ಐದು ಹೆಂಗಾಯ್ತು ಅಂತ ಪಕ್ಕದಲ್ಲೇ ಬಿಡಿಸಿಟ್ಟಳು. ಸಂಜೆ ಆಶಾರಾಣಿ ಬಂದು ಫೈಲು ತಗೊಂಡು ಹೋದಳು.

ಸೋಮವಾರ ಟೈಪಿಂಗಲ್ಲಿ ತಪ್ಪೇ ತಪ್ಪು. ಹತ್ತೂವರೆ ಆದಾಗ ಈಗ ಎದ್ದಿರ್ತಾಳೆ, ಹನ್ನೊಂದಾದಾಗ ಈಗ ಕೇಳಿರ್ತಾರೆ. ಗುಮಾಸ್ತ ಸೊಣ್ಣಪ್ಪ, ಏನಮ್ಮ, ಕೇಸು ನಡೀತಿರೋದು ನಿಂದಾ ಅಂತ ಕೆಣಕಿದ. ಅವಳು ಹೊಸ ಹಾಳೆ ಸಿಕ್ಕಿಸಿದಳು.

ಮಂಗಳವಾರ ಸಂಜೆ ಆಶಾರಾಣಿ ಬಂದಳು. ಎಲ್ಲರೂ ಹೋಗಿದ್ರು. ಫೈಲಲ್ಲಿ ನಾಲ್ಕನೇ ಅಧ್ಯಾಯದ ಮೂಲೆ ಬೆರಳಿನ ಬೆವರಿಗೆ ಮುದುರೋಗಿತ್ತು.

“ಜಡ್ಜಿಗಳು ಅದನ್ನೇ ಕೇಳಿದ್ರಕ್ಕ. ಬಹುಮತ ಹೆಂಗಮ್ಮ ಬಂತು ಅಂದ್ರು. ಟೂ, ಟೂ ಅಂಡ್ ವನ್, ಮೈ ಲಾರ್ಡ್ಸ್ ಅಂದೆ. ತಲೆ ಆಡಿಸಿ ಬರ್ಕೊಂಡ್ರು.”

“ವನ್ ಅನ್ನೋಕೆ ಮುಂಚೆ ನಿಲ್ಲಿಸಿದ್ಯಾ?”

“ಏನನ್ನ?”

“ಮಾತನ್ನ ಕಣೇ. ಒಂದು ಗಳಿಗೆ.”

ಇಲ್ಲಕ್ಕ, ಗಾಬರೀಲಿ ಹೇಳ್ಬಿಟ್ಟೆ ಅಂದಳು. ಆದಿಲಕ್ಷ್ಮಿ ಫೈಲಿನ ದಾರ ಬಿಗಿದಳು, ಬಿಚ್ಚಿದಳು, ಮತ್ತೆ ಬಿಗಿದಳು. ಹುಡುಗಿ ನೋಡ್ತಾನೇ ಇದ್ದು, ಹೋಗಿ ಚಿಕ್ಕಪ್ಪನ ಕುರ್ಚೀಲಿ ಕೂತಳು.

“ಹಾಗಾದ್ರೆ ನೀವೇ ಹೇಳಿ. ಬಹುಮತ ಹೆಂಗೆ ಬಂತು?”

ಹುತ್ತೂರಿನ ಬಸ್ಸು ಹೊರಡೋ ಹೊತ್ತು. ಆದಿಲಕ್ಷ್ಮಿ ಕೈಚೀಲ ಕೆಳಗಿಟ್ಟಳು. ಎದ್ದು ನಿಂತು ಸೆರಗನ್ನ ಗೌನಿನ ಹಾಗೆ ಎರಡೂ ಭುಜಕ್ಕೆ ಹೊದ್ಕೊಂಡಳು.

“ಟೂ” ಅಂದಳು. “ಟೂ.” ನಿಲ್ಲಿಸಿದಳು. ಹೊರಗೆ ಹಾರನ್ನು ಹೊಡೀತಾ ಬಸ್ಸು ಹೋಯ್ತು. ಹೋಗೋವರೆಗೂ ಕಾದಳು.

“ಅಂಡ್ ವನ್, ಮೈ ಲಾರ್ಡ್ಸ್.”