ಎರಡು ಫ್ಲೆಕ್ಸ್ ಬರೆದ ಗೋಡೆ

ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗೋಡೆ. ಚಳವಳಿಯ ಕಾಲದಲ್ಲಿ ನಮ್ಮ ಘೋಷಣೆಗಳನ್ನೆಲ್ಲ ಗೋಡೆಗಳ ಮೇಲೆ ಬರೆದವನು ಅವನೇ. ಒಂದು ಬೆಳಗ್ಗೆ ಪೊಲೀಸರ ಕೈಗೆ ಸಿಕ್ಕಿಬಿದ್ದ. ಎಡಗೈಯನ್ನು ಬೂಟಿನಡಿ ಹಾಕಿ ಬೀಡಿ ಹೊಸಕಿದಂತೆ ಹೊಸಕಿದರು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಬಲಗೈ ಉಳಿಯಿತು. ಹೊಟ್ಟೆಪಾಡು ನಡೆದದ್ದು ಅದರಿಂದಲೇ.

ಚಳವಳಿ ಚದುರಿದ ಮೇಲೆ ಫ್ಲೆಕ್ಸ್ ಅಂಗಡಿ ಸೇರಿ ಜಾಹೀರಾತು ಬರೆಯತೊಡಗಿದ. ಜನರನ್ನು ಮನೆಯಿಂದ ಎಬ್ಬಿಸಿ ಬೀದಿಗೆ ತರುವ ವಾಕ್ಯ ಅವನಿಗೆ ಕರಗತ. ಅದು ಒಂದು ಕೋಚಿಂಗ್ ಸಂಸ್ಥೆಗೆ ಹಿಡಿಸಿತು. ‘ಸ್ಕಾಲರ್‌ಶಿಪ್ ಟೆಸ್ಟ್ ಬರೆಯಿರಿ, ಶೇಕಡಾ ತೊಂಬತ್ತರವರೆಗೆ ಫೀಸು ರಿಯಾಯಿತಿ’ ಅಂತ ಇವನು ಬರೆಯುವುದು, ‘ವರೆಗೆ’ ಅನ್ನುವುದನ್ನು ಡಿಸೈನರ್ ಇರುವೆ ಗಾತ್ರಕ್ಕೆ ಇಳಿಸುವುದು. ಟೆಸ್ಟ್ ಬರೆದವರಲ್ಲಿ ಬರಿಗೈಲಿ ವಾಪಸಾದವರೇ ಇಲ್ಲ. ಯಾರಿಗೋ ಶೇಕಡಾ ಹತ್ತು, ಯಾರಿಗೋ ಅರವತ್ತು, ಎಲ್ಲರಿಗೂ ಒಂದು ಪತ್ರ. ಅದರ ಕೊನೆಯ ಸಾಲು ಮಾತ್ರ ಒಂದೇ: ಇಂಥ ದಿನದೊಳಗೆ ಸೇರದಿದ್ದರೆ ರಿಯಾಯಿತಿ ರದ್ದು.

ಪ್ರತಿ ವರ್ಷ ಗೋಡೆ ಕೂತ ಕಡೆಯೇ ಎರಡು ಫ್ಲೆಕ್ಸಿನ ಮಾತು ಬರೆಯುತ್ತಿದ್ದ. ಮೊದಲು ಕಟ್ಟುವುದು, ‘ಶನಿವಾರ ಸಂಜೆ ಐದು, ದಿನಾಂಕ ವಿಸ್ತರಣೆ ಇಲ್ಲ’. ಎರಡನೆಯದು, ‘ಪೋಷಕರ ಒತ್ತಾಯದ ಮೇರೆಗೆ ಬುಧವಾರದವರೆಗೆ ವಿಸ್ತರಣೆ’. ಇದು ಭಾನುವಾರ ಬೆಳಗ್ಗೆ ಕಟ್ಟುವುದಕ್ಕೆ.

ಈ ಸಲ ಅವನ ಅಕ್ಕನ ಮಗಳಿಗೂ ಅರವತ್ತರ ಪತ್ರ ಬಂತು. ಅಕ್ಕ ಬಟ್ಟೆ ಹೊಲಿಯುವವಳು. ಶುಕ್ರವಾರ ಗೋಡೆ ಅವಳ ಹೊಲಿಗೆ ಮಷಿನ್ ಪಕ್ಕ ಕುಕ್ಕರುಗಾಲಲ್ಲಿ ಕೂತು, “ನಾಳೆ ಆ ನೂಕುನುಗ್ಗಲಿಗೆ ಬೀಳಬೇಡ. ಸೋಮವಾರ ಹೋಗು, ಆಗ್ತದೆ,” ಅಂದ.

“ವಿಸ್ತರಣೆ ಇಲ್ಲ ಅಂತ ಊರಗಲ ಬರೆದಿದಾರಲ್ಲೋ.”

“ಬರೆದವನು ನಾನೇ ಕಣೇ.”

“ಅಂದ್ರೆ ಸುಳ್ಳು ಬರೆದಿದೀಯಾ?”

ಹೌದು ಅನ್ನಲು ಒಂದು ಕ್ಷಣ ಸಾಕಿತ್ತು. ಇವನು ನೆಲದ ಮೇಲಿನ ದಾರದ ತುಂಡು ಹೆಕ್ಕುತ್ತಾ ಕೂತ. ಅವಳ ಪಾಲಿಗೆ ತಮ್ಮನೆಂದರೆ ಯಾವ ಗೋಡೆ ಮೇಲೂ ಸುಳ್ಳು ಬರೆಯದವನು. ಬೆರಳು ಮುರಿಸಿಕೊಂಡಿದ್ದೇ ಅದಕ್ಕೆ.

“ಮತ್ತೆ ಸುಮ್ಮನಿರು. ಮಗಳ ಸೀಟು ಹೋದ್ರೆ ನೀನು ತಂದುಕೊಡ್ತೀಯಾ?”

ಶನಿವಾರ ನಾಲ್ಕೂವರೆಗೆ ಗೋಡೆ ಎರಡನೇ ಫ್ಲೆಕ್ಸಿನ ಸುರುಳಿಯನ್ನು ಸಂಸ್ಥೆಯ ಉಗ್ರಾಣಕ್ಕೆ ಕೊಡಲು ಹೊತ್ತು ತಂದ. ಬೀದಿ ತುಂಬಾ ಜನ. ಕಬ್ಬಿಣದ ಗೇಟನ್ನು ಅರ್ಧ ತೆರೆದು ಕಾವಲಿನವರು ಹತ್ತತ್ತು ಮಂದಿಯನ್ನು ಒಳಗೆ ಬಿಡುತ್ತಿದ್ದರು. ಅಷ್ಟರಲ್ಲಿ ಯಾರೋ “ಕೌಂಟರ್ ಮುಚ್ತಿದಾರೆ” ಅಂದರು. ಹಿಂದಿನವರು ನುಗ್ಗಿದರು. ಒಬ್ಬ ಮುದುಕ ಕೆಳಗೆ ಬಿದ್ದ, ಅವನ ಎದೆಯ ಮೇಲೆ ಕಾಲುಗಳು ಹರಿದವು. ಕಾವಲಿನವರು ಗೇಟು ದಬ್ಬಿದರು. ಕಂಬಕ್ಕೂ ಗೇಟಿಗೂ ನಡುವೆ ಒಂದು ತೋಳು ಸಿಕ್ಕಿ ಲಟ್ಟನೆ ಮುರಿಯಿತು. ಕೂಗಿದ ದನಿ ಗೋಡೆಗೆ ಗೊತ್ತಾಯಿತು. ಅಕ್ಕ.

ಅವನು ಕಾಂಪೌಂಡ್ ಹತ್ತಿ ಸುರುಳಿ ಬಿಚ್ಚಿ ಜೋತುಬಿಟ್ಟ. ಹಳೆಯ ಮೆರವಣಿಗೆಯ ಗಂಟಲಲ್ಲಿ ಕೂಗಿದ: “ಬುಧವಾರದವರೆಗೆ ಟೈಮಿದೆ, ಹಿಂದೆ ಸರೀರಿ.”

ನೂಕಾಟ ನಿಂತಿತು. ಗೇಟು ಸಡಿಲವಾಗಿ ಅಕ್ಕನ ತೋಳು ಹೊರಬಂತು. ನಾಲ್ವರು ಮುದುಕನನ್ನು ಎತ್ತಿಕೊಂಡರು. ಆಮೇಲೆ ಒಬ್ಬ ಫ್ಲೆಕ್ಸ್ ನೋಡುತ್ತಾ ಮೆಲ್ಲಗೆ ಕೇಳಿದ, “ಇನ್ನೂ ಐದೇ ಆಗಿಲ್ಲ. ಇದನ್ನ ಯಾವಾಗ ಪ್ರಿಂಟ್ ಹಾಕಿದ್ರಿ?”

ಮೊದಲ ಕಲ್ಲು ಗಾಜಿಗೆ, ಎರಡನೆಯದು ಗೋಡೆಯ ಹಣೆಗೆ. ಸಂಸ್ಥೆಯವನೆಂದು ಜನ ಒಂದು ಕಾಲು ಹಿಡಿದೆಳೆದರು, ಗುಟ್ಟು ಬಿಟ್ಟನೆಂದು ಕಾವಲಿನವರು ಇನ್ನೊಂದು. ಕೆಳಗೆ ಬಿದ್ದವನಿಗೆ ಚಪ್ಪಲಿ ಯಾರದು, ಪೈಪು ಯಾರದು ತಿಳಿಯಲಿಲ್ಲ. ಪೈಪು ಬಲಗೈ ಮೇಲೆ ಮೂರು ಸಲ ಬಿತ್ತು. ಮೂಳೆ ಚರ್ಮ ಸೀಳಿ ಹೊರಗೆ ಬಂತು. ಮುದುಕ ಆಸ್ಪತ್ರೆ ದಾರಿಯಲ್ಲೇ ತೀರಿಹೋದ.

ಬುಧವಾರ ಅಕ್ಕ ಕಟ್ಟು ಹಾಕಿದ ಕೈಯಲ್ಲೇ ಮಗಳನ್ನು ಅಲ್ಲಿಗೇ ಸೇರಿಸಿದಳು. ಬೇರೆಲ್ಲಿಗೆ ಹೋಗಬೇಕು? ಅದೇ ಅರವತ್ತರ ರಿಯಾಯಿತಿ ಸಿಕ್ಕಿತು. ಒಳಗೆ ಬೆಂಚುಗಳು ಇನ್ನೂ ಖಾಲಿ ಇದ್ದವು. ಅಲ್ಲಿಂದ ನೇರ ತಮ್ಮನ ವಾರ್ಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

“ಎರಡನ್ನೂ ಒಂದೇ ದಿನ ಬರೆದ್ಯಾ?”

“ಹೂಂ.”

“ಯಾವುದು ಮೊದಲು?”

ಅವನು ಬ್ಯಾಂಡೇಜಿನ ಕೈ ನೋಡಿಕೊಂಡ.

“ವಿಸ್ತರಣೆದು.”

ಅಕ್ಕ ಎದ್ದಳು. ಬಾಗಿಲವರೆಗೆ ಹೋಗಿ ವಾಪಸ್ ಬಂದು, ಕುಡಿಯುವ ನೀರಿನ ಲೋಟವನ್ನು ಅವನ ಎಡಗೈಗೆ ಎಟುಕುವಂತೆ ಸರಿಸಿಟ್ಟು ಹೊರಟಳು.