ಹಿಂದುಮುಂದಾದ ಪಿಡಿಎಫ್‌ನಲ್ಲಿ ಅಪ್ಪ ಬಂದದ್ದು

ದೀಪಾವಳಿ ಮುಗಿದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆಬಯಲಿಗೆ ಹೋಗುವುದು ನಮ್ಮ ಮನೆಯ ರೂಢಿ. ಆ ವರ್ಷ ನಾನು ಹಡಗಲಿಯಲ್ಲಿ ಡಿಗ್ರಿ ಕೊನೆಯ ವರ್ಷ. ಭೂಗೋಳದ ಪ್ರಾಜೆಕ್ಟಿಗೆ ಬೇರೆಯವರೆಲ್ಲ ಕೆರೆ, ಸಂತೆ ಎಂದು ಬರೆದುಕೊಂಡರೆ, ನಾನು ಅಪ್ಪನ ಕುರಿ ದಾರಿಯನ್ನು ಆರಿಸಿಕೊಂಡೆ. ಹೊರಟ ದಿನ ಬಾಗಿಲಲ್ಲೇ ನಿಂತು ಲೊಕೇಶನ್ ಕಳಿಸುವುದನ್ನು ಕಲಿತ ಅಪ್ಪ, ಆಮೇಲೆ ಮಂದೆ ನಿಂತ ಊರೂರಿಂದ ಕಳಿಸಿದ. ಅದನ್ನು ನಕ್ಷೆಯಲ್ಲಿ ತೆರೆದು ನಾನು ಸ್ಕ್ರೀನ್‌ಶಾಟ್ ಹೊಡೆದಿಡುತ್ತಿದ್ದೆ.

“ಬಿಡಿಬಿಡಿ ಫೋಟೊ ಕಳಿಸಬ್ಯಾಡ್ರಿ. ಎಲ್ಲಾ ಕೂಡಿ ಒಂದೇ ಪಿಡಿಎಫ್, ಇವತ್ತು ಸಂಜಿ ಒಳಗ. ತಪ್ಪಿದ್ರ ಮಾರ್ಕ್ಸ್ ಇಲ್ಲ ನೋಡ್ರಿ,” ಎಂದು ಮೇಷ್ಟ್ರು ಗ್ರೂಪಿನಲ್ಲಿ ಧ್ವನಿ ಸಂದೇಶ ಹಾಕಿದ್ದರು.

ಇಟ್ಟಿಗಿಯ ನಮ್ಮ ಮನೆ ಕಟ್ಟೆಯ ಮೇಲೆ ಮಧ್ಯಾಹ್ನದ ಬಿಸಿಲು ತೂಕಡಿಸುತ್ತಿತ್ತು. ಪಕ್ಕದಲ್ಲಿ ಅವ್ವ ಜೋಳ ಹಸನು ಮಾಡುತ್ತಿದ್ದಳು. ಒಂದೊಂದೇ ಚಿತ್ರದ ನೆತ್ತಿಯ ಗಡಿಯಾರ, ಬ್ಯಾಟರಿ ಎಲ್ಲ ಕತ್ತರಿಸಿ ಚೊಕ್ಕ ಮಾಡಿದೆ. ಗ್ಯಾಲರಿಯಲ್ಲಿ ಮೇಲಿಂದ ಕೆಳಗೆ ಬೆರಳೆಳೆದು ಎಲ್ಲವನ್ನೂ ಆರಿಸಿ, ಪ್ರಿಂಟ್ ಒತ್ತಿ, ಪ್ರಿಂಟರಿನ ಜಾಗದಲ್ಲಿ ಪಿಡಿಎಫ್ ಎಂದು ಕೊಟ್ಟು ಉಳಿಸಿದೆ. ಕೆಲಸ ಮುಗಿಯಿತೆಂದು ಬೀಗುತ್ತಾ ಅವ್ವನಿಗೆ ತೋರಿಸಿದೆ.

ಅವ್ವ ಅಕ್ಷರ ಕೂಡಿಸಿ ಓದುತ್ತಾ ಹಾಳೆ ಸರಿಸಿದಳು. ಹರಿಹರದ ಆಚೆಯ ಕಾಲುವೆ. ನೀಲಗುಂದ. ಹರಪನಹಳ್ಳಿ. ಕೆಂಪು ಗುರುತು ಹಾಳೆಯಿಂದ ಹಾಳೆಗೆ ನಮ್ಮ ಕಡೆ ಜರುಗುತ್ತಿತ್ತು. ನಕ್ಷೆಯಲ್ಲಿ ಕುರಿಯಿಲ್ಲ, ಧೂಳಿಲ್ಲ. ಆದರೂ ನನಗೆ ಎಲ್ಲೋ ಗಂಟೆ ಸದ್ದು ಕೇಳಿದಂತಾಯಿತು. ಕೊನೆಯ ಹಾಳೆಯಲ್ಲಿ ನಮ್ಮ ಓಣಿ, ನಮ್ಮ ಮನೆ.

“ಲೇ, ನಿಮ್ಮಪ್ಪ ಮನಿಗೆ ಬಂದಾನಲ್ಲೇ!”

ಫೋನು ಇಸಿದುಕೊಂಡು ನೋಡಿದೆ. ಗ್ಯಾಲರಿಯಲ್ಲಿ ಹೊಸ ಚಿತ್ರ ಮೇಲಿರುತ್ತದೆ. ನಾನು ಮೇಲಿಂದಲೇ ಆರಿಸಿದ್ದೆ. ಹೋದವನು ಬಂದವನಾಗಿದ್ದ!

“ತಪ್ಪಾಗೇತಿ ಬೇ, ಉಲ್ಟಾ ಆಗೇತಿ,” ಎಂದೆ.

ಎಲ್ಲ ಬಿಡಿಸಿ, ಈ ಸಲ ಹಳೆಯದರಿಂದ ಒಂದೊಂದೇ ಒತ್ತಿ, ಮತ್ತೆ ಪಿಡಿಎಫ್ ಮಾಡಿದೆ. ತೆರೆದು ನೋಡಿದೆ. ಮೊದಲು ಮನೆ, ಆಮೇಲೆ ಹರಪನಹಳ್ಳಿ, ಅಪ್ಪ ದೂರ ದೂರ. ಸರಿಯಾಗಿತ್ತು. ಸರಿಯಾಗಿದ್ದಕ್ಕೇ ಸಂಕಟವಾಯಿತು, ಎರಡು ತಿಂಗಳಿಂದ ನನಗೂ ಅಪ್ಪ ಬೇಕಾಗಿದ್ದ. ಫೈಲಿಗೆ ನನ್ನ ರಿಜಿಸ್ಟರ್ ನಂಬರಿಟ್ಟು ಕಳಿಸಿದೆ. “ಬಂತು” ಎಂದು ಮೇಷ್ಟ್ರ ಉತ್ತರ ಬಂದಾಗ ಹೊತ್ತು ಇಳಿದಿತ್ತು.

ಹಳೆಯದನ್ನು ಅಳಿಸಲು ಹೋದರೆ ಅವ್ವ ನನ್ನ ಕೈ ಹಿಡಿದಳು. “ಅದನ್ನ ಅಳಸಬ್ಯಾಡ. ನನ್ನ ಫೋನಿಗೆ ಹಾಕು.”

ದೀಪ ಹಚ್ಚುವ ಹೊತ್ತಿಗೆ ಅಪ್ಪನ ಫೋನು ಬಂತು. ಅವ್ವ ಸ್ಪೀಕರಿಗೆ ಹಾಕಿದಳು.

“ಎಲ್ಲಿ ಅದೀರಿ?”

“ಇಲ್ಲೇ, ಕಾಲುವಿ ದಂಡ್ಯಾಗ. ಇನ್ನೂ ಭಾಳ ದಿನ ಐತಿ.”

“ಇರಲಿ ಬಿಡ್ರಿ,” ಎಂದಳು ಅವ್ವ. “ನನ್ನ ಫೋನಿನಾಗ ಆಗ್ಲೇ ಮನಿ ಮುಟ್ಟೀರಿ.”